ಮಳಿಗೆಯ ಕರಾರಿನಲ್ಲಿ ಮೂರು ಗಂಟುಗಳು

ದಾವಣಗೆರೆಯ ಪೇಟೆಯಲ್ಲಿ ಬರಿಯ ಮಾತಿನ ಮೇಲೆ ಮಳಿಗೆ ಹಿಡಿದು, ಎರಡು ತಲೆಮಾರು ಅದೇ ಗದ್ದುಗೆಯಲ್ಲಿ ಕುಳಿತು ವ್ಯಾಪಾರ ಮಾಡಿದ ಮನೆತನಗಳುಂಟು. ಅಲ್ಲಿ ಕರಾರೆಂದರೆ ತಿಂಗಳ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂಬ ಎರಡು ಮಾತು. ಆದರೆ ಇಂದು ಹೊಸ ಕಟ್ಟಡವೊಂದರಲ್ಲಿ ಮಳಿಗೆ ಕೇಳಹೋದ ವ್ಯಾಪಾರಿಯ ಕೈಗೆ ಮಾಲೀಕನ ಗುಮಾಸ್ತ ಹದಿನಾಲ್ಕು ಪುಟಗಳ ಇಂಗ್ಲಿಷ್ ಲೀಸ್ ಪತ್ರವನ್ನು ಕೊಡುತ್ತಾನೆ. ಆ ಎರಡು ಮಾತುಗಳು ಅದರ ಮೊದಲನೆಯ ಪುಟದಲ್ಲಿಯೇ ಮುಗಿದುಹೋಗಿರುತ್ತವೆ. ಮಿಕ್ಕ ಹದಿಮೂರು ಪುಟಗಳಲ್ಲಿ ಏನಿದೆ ಎಂಬುದು ವ್ಯಾಪಾರಿಗೆ ತಿಳಿಯುವುದು ಸಾಮಾನ್ಯವಾಗಿ ಮಳಿಗೆ ಬಿಡುವ ದಿನ.

ಆ ಪುಟಗಳಲ್ಲಿ ವ್ಯಾಪಾರಿಯ ಹಣವನ್ನು ನೇರವಾಗಿ ಮುಟ್ಟುವ ಷರತ್ತುಗಳು ಮೂರು: ಲಾಕ್-ಇನ್ ಅವಧಿ, ಬಾಡಿಗೆಯ ಏರಿಕೆ, ಮತ್ತು ಸೆಕ್ಯುರಿಟಿ ಡಿಪಾಸಿಟ್. ಇವನ್ನು ಒಂದೊಂದಾಗಿ ಓದಿದರೆ ಮೂರೂ ನ್ಯಾಯವಾಗಿಯೇ ತೋರುತ್ತವೆ. ಒಟ್ಟಿಗೆ ಓದಿದಾಗಲೇ ಅವು ಒಂದರೊಳಗೊಂದು ಹೆಣೆದುಕೊಂಡ ಗಂಟುಗಳೆಂಬುದು ತಿಳಿಯುವುದು. ಇದನ್ನು ಮನಗಾಣಲು ಒಂದು ಮಾದರಿ ಕರಾರನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ವ್ಯಕ್ತಿಗಳೂ ಅಂಕಿಗಳೂ ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿದವು. ಕಾನೂನು ಮತ್ತು ತೀರ್ಪುಗಳು ಮಾತ್ರ ನಿಜವಾದವು.

ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರು ಹರಿಹರದಲ್ಲಿ ಶಾಖೆ ತೆರೆಯಲು ಹೊರಟಿದ್ದಾರೆ. ಹದಿನೈದು ಕಿಲೋಮೀಟರಿನೊಳಗಿನ ದಾರಿ. ಬೆಳಗ್ಗೆ ಇಲ್ಲಿ ಬಾಗಿಲು ತೆರೆದು ಮಧ್ಯಾಹ್ನಕ್ಕೆ ಅಲ್ಲಿಗೆ ಹೋಗಿ ಬರಬಹುದು. ನೆಲಮಹಡಿಯ ಮುನ್ನೂರು ಚದರಡಿಯ ಮಳಿಗೆ. ಬಾಡಿಗೆ ತಿಂಗಳಿಗೆ 20,000 ರೂಪಾಯಿ. ಡಿಪಾಸಿಟ್ ಹತ್ತು ತಿಂಗಳ ಬಾಡಿಗೆ, ಎಂದರೆ 2,00,000. ಅವಧಿ ಒಂಬತ್ತು ವರ್ಷ. ಕಪಾಟು, ಗಾಜು, ದೀಪ, ನಾಮಫಲಕಗಳಿಗೆ ವ್ಯಾಪಾರಿ ತಮ್ಮ ಕೈಯಿಂದ 4,00,000 ರೂಪಾಯಿ ಹಾಕಬೇಕು. ಪತ್ರವನ್ನು ಅವರು ತಮ್ಮ ಪರಿಚಯದ ವಕೀಲರ ಮುಂದೆ ಇಟ್ಟರು.

“ವಕೀಲ್ರೇ, ಇಷ್ಟೆಲ್ಲಾ ಇಂಗ್ಲಿಷು ನಮಗ್ಯಾಕ್ರೀ? ಎಲ್ಲಿ ರುಜು ಹಾಕಬೇಕು ಅದನ್ನ ತೋರಿಸ್ರಿ ಸಾಕು.”

“ರುಜು ಕಡೇ ಪುಟದಾಗೈತಿ ಸಾವ್ಕಾರ್ರೇ,” ಎಂದರು ವಕೀಲರು. “ಆದ್ರೆ ನಿಮ್ಮ ರೊಕ್ಕ ನಡುವಿನ ಪುಟದಾಗೈತಿ. ಮೊದಲು ಅದನ್ನ ನೋಡೋಣ ಕೂಡ್ರಿ.”

ಮೊದಲನೆಯ ಗಂಟು: ಲಾಕ್-ಇನ್

ಇಂತಹ ಪತ್ರವನ್ನು ಓದಲು ಎಲ್ಲ ಇಂಗ್ಲಿಷೂ ಬರಬೇಕಾಗಿಲ್ಲ. ಎರಡು ಹೆಸರು, ಎರಡು ಕ್ರಿಯಾಪದಗಳನ್ನು ಗುರುತಿಸಿದರೆ ಅರ್ಧ ಓದಿದಂತೆಯೇ. ಲೆಸರ್ ಎಂದರೆ ಮಳಿಗೆಯ ಮಾಲೀಕ. ಲೆಸೀ ಎಂದರೆ ಬಾಡಿಗೆದಾರ. ಷಲ್ ಎಂಬುದು ನಮ್ಮ ಹಳೆಯ ದಸ್ತಾವೇಜುಗಳ ‘ತಕ್ಕದ್ದು’. ಮೇ ಎಂಬುದು ‘ಬಹುದು’. ಯಾರ ಹೆಸರಿನ ಮುಂದೆ ‘ತಕ್ಕದ್ದು’ ಇದೆ, ಯಾರ ಹೆಸರಿನ ಮುಂದೆ ‘ಬಹುದು’ ಇದೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದರೆ ಕರಾರು ಯಾವ ಕಡೆಗೆ ವಾಲಿದೆ ಎಂಬುದು ತಾನಾಗಿಯೇ ಕಾಣುತ್ತದೆ.

ಈ ಪತ್ರದ ಲಾಕ್-ಇನ್ ಷರತ್ತನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಾಗುತ್ತದೆ: ‘ಲೆಸೀಯು ಮೊದಲ 36 ತಿಂಗಳು ಮಳಿಗೆಯನ್ನು ಬಿಡತಕ್ಕದ್ದಲ್ಲ. ಬಿಟ್ಟಲ್ಲಿ, ಉಳಿದ ತಿಂಗಳುಗಳ ಬಾಡಿಗೆಯನ್ನು ಕೊಡತಕ್ಕದ್ದು. ಡಿಪಾಸಿಟ್ ಹಣವು ಮುಟ್ಟುಗೋಲಾಗತಕ್ಕದ್ದು. ಲೆಸರನು ಮೂರು ತಿಂಗಳ ನೋಟೀಸು ಕೊಟ್ಟು ಯಾವಾಗ ಬೇಕಾದರೂ ಲೀಸನ್ನು ಕೊನೆಗಾಣಿಸಬಹುದು.’

ಎಲ್ಲ ‘ತಕ್ಕದ್ದು’ಗಳೂ ವ್ಯಾಪಾರಿಗೆ, ಒಂದೇ ಒಂದು ‘ಬಹುದು’ ಮಾಲೀಕನಿಗೆ. ಬೀಗ ಒಂದು ಕಡೆಯಿಂದ ಮಾತ್ರ ಬಿದ್ದಿದೆ.

ಲಾಕ್-ಇನ್ ಎಂಬ ಮಾತು ಕೇಳಿದೊಡನೆ ಬಾಡಿಗೆದಾರರು ಬೆದರಿ ‘ಅದನ್ನು ತೆಗೆಸಿ’ ಎನ್ನುವುದುಂಟು. ಅದು ಪೂರ್ಣ ವಿವೇಕವಲ್ಲ. ಈ ವ್ಯಾಪಾರಿ ಮಳಿಗೆಯ ಅಲಂಕಾರಕ್ಕೆ ಹಾಕುವ ನಾಲ್ಕು ಲಕ್ಷವನ್ನು ಗಮನಿಸಬೇಕು. ಒಂಬತ್ತು ವರ್ಷ, ಎಂದರೆ 108 ತಿಂಗಳು ಅಲ್ಲಿಯೇ ಇರುವುದಾದರೆ ಆ ವೆಚ್ಚ ತಿಂಗಳಿಗೆ ಸುಮಾರು 3,700 ರೂಪಾಯಿ ಬೀಳುತ್ತದೆ. ಹನ್ನೆರಡನೆಯ ತಿಂಗಳಿಗೇ ಮಾಲೀಕ ‘ನಮಗೆ ಬೇರೆ ಗಿರಾಕಿ ಸಿಕ್ಕಿದ್ದಾರೆ’ ಎಂದು ಬಿಡಿಸಿದರೆ ಅದೇ ವೆಚ್ಚ ತಿಂಗಳಿಗೆ 33,000ಕ್ಕೂ ಹೆಚ್ಚು. ಬಾಡಿಗೆಗಿಂತ ಅದೇ ದೊಡ್ಡದು. ಆದುದರಿಂದ ಲಾಕ್-ಇನ್ ವ್ಯಾಪಾರಿಗೆ ಶತ್ರುವಲ್ಲ. ಅದು ಮಾಲೀಕನನ್ನೂ ಕಟ್ಟಿಹಾಕಬೇಕು, ಅಷ್ಟೇ. ಬಾಡಿಗೆದಾರ ಬಾಡಿಗೆಯನ್ನು ಸರಿಯಾಗಿ ಸಲ್ಲಿಸುತ್ತಿರುವವರೆಗೆ ಪೂರ್ತಿ ಒಂಬತ್ತು ವರ್ಷ ಮಾಲೀಕನು ಬಿಡಿಸತಕ್ಕದ್ದಲ್ಲ ಎಂಬ ಒಂದು ವಾಕ್ಯವನ್ನು ಬರೆಯಿಸಿಕೊಂಡರೆ, ಆ ನಾಲ್ಕು ಲಕ್ಷಕ್ಕೆ ಭದ್ರತೆ ದೊರೆತಂತೆ.

ಇನ್ನು, ವ್ಯಾಪಾರ ಕೈಹಿಡಿಯದೆ ವ್ಯಾಪಾರಿಯೇ ಬಿಡಬೇಕಾಗಿ ಬಂದರೆ? ಇಪ್ಪತ್ತನೆಯ ತಿಂಗಳ ಕೊನೆಗೆ ಅವರು ಬಾಗಿಲು ಹಾಕಿದರೆನ್ನಿ. ಲಾಕ್-ಇನ್ನಿನಲ್ಲಿ ಉಳಿದಿರುವುದು 16 ತಿಂಗಳು. ಪತ್ರದ ಪ್ರಕಾರ 3,20,000 ರೂಪಾಯಿ ಬಾಡಿಗೆ. ಅದರ ಮೇಲೆ ಮುಟ್ಟುಗೋಲಾದ 2,00,000. ಒಟ್ಟು 5,20,000. ಖಾಲಿಯಾದ ಮಳಿಗೆಯನ್ನು ಮಾಲೀಕ ಮೂರು ತಿಂಗಳೊಳಗೆ ಬೇರೊಬ್ಬರಿಗೆ ಅದೇ ಬಾಡಿಗೆಗೆ ಕೊಟ್ಟರೆ ಅವನಿಗೆ ನಿಜವಾಗಿ ಆದ ನಷ್ಟ 60,000 ಮಾತ್ರ.

“ಹಂಗಾದ್ರೆ ಉಳಿದ ನಾಲ್ಕೂವರೆ ಲಕ್ಷ ಅವರಿಗೆ ಯಾವ ಲೆಕ್ಕಕ್ಕೆ ಹೋಗ್ತೈತ್ರೀ?” ಎಂದು ವ್ಯಾಪಾರಿ ಕೇಳುವುದು ಸಹಜ. ಕಾನೂನು ಕೇಳುವ ಪ್ರಶ್ನೆಯೂ ಅದೇ.

1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮು ಹೇಳುವುದೇನೆಂದರೆ, ಕರಾರು ಮುರಿದವನು ಇಷ್ಟು ಹಣ ಕೊಡಬೇಕೆಂದು ಪತ್ರದಲ್ಲಿ ಬರೆದಿದ್ದರೂ, ಎದುರು ಪಕ್ಷಕ್ಕೆ ದೊರೆಯತಕ್ಕದ್ದು ನ್ಯಾಯಸಮ್ಮತವಾದ ಪರಿಹಾರ ಮಾತ್ರ. ಬರೆದ ಮೊತ್ತ ಆ ಪರಿಹಾರದ ಮೇಲಿನ ಮಿತಿ. ಸುಪ್ರೀಂ ಕೋರ್ಟು 1963ರಲ್ಲಿ ಫತೇಚಂದ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. 2015ರ ಕೈಲಾಸನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು. ಆ ಪ್ರಕರಣ ಬಾಡಿಗೆಯದಲ್ಲ, ದೆಹಲಿಯ ಒಂದು ನಿವೇಶನದ ಹರಾಜಿನದು. 1982ರಲ್ಲಿ 3 ಕೋಟಿ 12 ಲಕ್ಷಕ್ಕೆ ಕೂಗಿದವರು 78 ಲಕ್ಷ ಮುಂಗಡ ಕಟ್ಟಿದ್ದರು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಹಂಚಿಕೆಯನ್ನು ರದ್ದುಮಾಡಿ ಆ ಹಣವನ್ನು ಮುಟ್ಟುಗೋಲು ಹಾಕಿಕೊಂಡಿತು. 1994ರಲ್ಲಿ ಅದೇ ನಿವೇಶನವನ್ನು 11 ಕೋಟಿ 78 ಲಕ್ಷಕ್ಕೆ ಮಾರಿತು. ಕೂಗಿದವರು ಕರಾರು ಮುರಿದಿರಲಿಲ್ಲವೆಂದೂ, ಪ್ರಾಧಿಕಾರಕ್ಕೆ ನಷ್ಟವೇ ಆಗಿಲ್ಲವೆಂದೂ ಕಂಡ ನ್ಯಾಯಾಲಯ ಮುಂಗಡವನ್ನು ಹಿಂದಿರುಗಿಸಬೇಕೆಂದಿತು. ನಷ್ಟವಿಲ್ಲದ ಕಡೆ ಪರಿಹಾರದ ಹೆಸರಿನಲ್ಲಿ ಹಣ ಹಿಡಿಯಲಾಗದು ಎಂಬುದು ಅಲ್ಲಿಯ ತತ್ವ.

ಹಾಗೆಂದು ವ್ಯಾಪಾರಿ ನಿಶ್ಚಿಂತನಾಗುವಂತಿಲ್ಲ. ಲಾಕ್-ಇನ್ ಬಾಡಿಗೆಯನ್ನು ಕುರಿತು ನ್ಯಾಯಾಲಯಗಳು ಆಯಾ ಪತ್ರದ ಮಾತನ್ನೂ ಆಯಾ ನಷ್ಟವನ್ನೂ ನೋಡಿ ತೀರ್ಮಾನಿಸುತ್ತವೆ. ಎಲ್ಲ ಕಡೆಯೂ ಬಾಡಿಗೆದಾರನೇ ಗೆದ್ದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡು ಲಕ್ಷ ಮೊದಲೇ ಮಾಲೀಕನ ಕೈಯಲ್ಲಿದೆ. ನ್ಯಾಯ ವ್ಯಾಪಾರಿಯ ಕಡೆ ಇದ್ದರೂ, ದಾವೆ ಹೂಡಿ ವರ್ಷಗಟ್ಟಲೆ ಅಲೆಯುವ ಕೆಲಸ ಅವನ ಪಾಲಿನದು. 74ನೆಯ ಕಲಮನ್ನು ನೆಚ್ಚಿಕೊಂಡು ಕೆಟ್ಟ ಷರತ್ತಿಗೆ ರುಜು ಹಾಕುವುದಕ್ಕಿಂತ, ಷರತ್ತನ್ನೇ ತಿದ್ದಿಸುವುದು ಅಗ್ಗ. ವಕೀಲರು ಪತ್ರದ ಅಂಚಿನಲ್ಲಿ ಬರೆದ ತಿದ್ದುಪಡಿ ಇದು: ‘ಲಾಕ್-ಇನ್ನಿನಲ್ಲಿ ಬಾಡಿಗೆದಾರನು ಬಿಟ್ಟಲ್ಲಿ, ಮೂರು ತಿಂಗಳ ಬಾಡಿಗೆ ಅಥವಾ ಮಳಿಗೆಗೆ ಮತ್ತೊಬ್ಬರು ಬರುವವರೆಗಿನ ಬಾಡಿಗೆ, ಇವುಗಳಲ್ಲಿ ಯಾವುದು ಕಡಮೆಯೋ ಅದನ್ನು ಮಾತ್ರ ಕೊಡತಕ್ಕದ್ದು, ಅದನ್ನು ಡಿಪಾಸಿಟ್ಟಿನಿಂದಲೇ ಕಳೆದುಕೊಂಡು ಮಿಕ್ಕುದನ್ನು ಹಿಂದಿರುಗಿಸತಕ್ಕದ್ದು.’

ಇಲ್ಲಿ ಇನ್ನೊಂದು ಮಾತು ಸೇರಬೇಕು. ಬಾಗಿಲು ತೆರೆಯಲಾಗದ ಕಾಲ ಬಂದರೆ ಬಾಡಿಗೆ ತಾನಾಗಿಯೇ ನಿಲ್ಲುವುದೆಂದು ಹಲವರ ನಂಬಿಕೆ. 2020ರ ಲಾಕ್‌ಡೌನಿನಲ್ಲಿ ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯ ಬಾಡಿಗೆದಾರರು ಬಾಡಿಗೆಯನ್ನು ತಡೆಹಿಡಿಯಬೇಕೆಂದು ಹೈಕೋರ್ಟನ್ನು ಕೇಳಿದರು. ನ್ಯಾಯಾಲಯ ಒಪ್ಪಲಿಲ್ಲ, ಪಾವತಿಗೆ ಕೊಂಚ ಕಾಲಾವಕಾಶ ಕೊಟ್ಟಿತು, ಅಷ್ಟೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಬೆಂಕಿ, ಬಿರುಗಾಳಿ, ನೆರೆ ಮುಂತಾದವುಗಳಿಂದ ಸ್ವತ್ತು ಹಾಳಾಗಿ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಲೀಸನ್ನು ಕೈಬಿಡುವ ಹಕ್ಕನ್ನು ಬಾಡಿಗೆದಾರನಿಗೆ ಕೊಡುತ್ತದೆ. ಎರಡು ತಿಂಗಳು ಬೀಗ ಬಿದ್ದುದು ಶಾಶ್ವತ ಹಾನಿಯಲ್ಲ. ತುಂಗಭದ್ರೆಯ ದಡದ ಊರಿನಲ್ಲಿ ನೀರು ಒಳಹೊಕ್ಕು ಇಳಿದುಹೋದರೆ ಅದೂ ಶಾಶ್ವತ ಹಾನಿ ಎನಿಸಲಾರದು. ಸರ್ಕಾರದ ಆಜ್ಞೆಯಿಂದಲೋ ನೆರೆಯಿಂದಲೋ ಮಳಿಗೆ ಮುಚ್ಚಿದ ದಿನಗಳಿಗೆ ಬಾಡಿಗೆಯಿಲ್ಲ ಎಂಬ ಮಾತು ಬೇಕಾದರೆ ಅದನ್ನು ಪತ್ರದಲ್ಲಿಯೇ ಬರೆಯಿಸಬೇಕು.

ಎರಡನೆಯ ಗಂಟು: ಬಾಡಿಗೆಯ ಏರಿಕೆ

ಏರಿಕೆಯ ಷರತ್ತು ಚಿಕ್ಕದು: ‘ಪ್ರತಿ ಮೂರು ವರ್ಷಕ್ಕೊಮ್ಮೆ, ಕೊನೆಯಲ್ಲಿ ಸಲ್ಲಿಸಿದ ಬಾಡಿಗೆಯ ಮೇಲೆ ನೂರಕ್ಕೆ ಹದಿನೈದರಂತೆ ಹೆಚ್ಚಿಸತಕ್ಕದ್ದು.’ ಇದರಂತೆ ಮೊದಲ ಮೂರು ವರ್ಷ 20,000. ನಾಲ್ಕನೆಯ ವರ್ಷದಿಂದ 23,000. ಏಳನೆಯ ವರ್ಷದಿಂದ 26,450.

“ಇಪ್ಪತ್ತಾರು ಸಾವಿರ ಆಗಬೇಕಲ್ರೀ? ಮೂರು ಮೂರು ಸಾವಿರ ಹೆಚ್ಚಿದ್ರೆ?”

“ಮೂಲ ಬಾಡಿಗೆ ಮ್ಯಾಲೆ ಅಂತ ಬರೆದಿದ್ರೆ ಇಪ್ಪತ್ತಾರೇ ಸಾವ್ಕಾರ್ರೇ. ಇಲ್ಲಿ ಕೊನೇ ಬಾಡಿಗೆ ಮ್ಯಾಲೆ ಅಂತ ಬರದಾರ. ಅಂದ್ರೆ ಬಡ್ಡಿ ಮ್ಯಾಲೆ ಬಡ್ಡಿ.”

ತಿಂಗಳಿಗೆ 450 ರೂಪಾಯಿಯ ವ್ಯತ್ಯಾಸ ಕೊನೆಯ ಮೂರು ವರ್ಷಗಳಲ್ಲಿ 16,200 ಆಗುತ್ತದೆ. ಅದೇನು ಮಳಿಗೆ ಮುಳುಗಿಸುವ ಹಣವಲ್ಲ. ನಿಜವಾದ ಎಚ್ಚರ ಬೇಕಾದುದು ಬೇರೆ ಕಡೆ. ಮಾಲೀಕ ‘ಮೂರು ವರ್ಷಕ್ಕೆ ಹದಿನೈದರ ಬದಲು ವರ್ಷಕ್ಕೆ ಐದರಂತೆ ಮಾಡೋಣ, ಎರಡೂ ಒಂದೇ ಅಲ್ಲವೆ?’ ಎಂದು ಸಹಜವಾಗಿ ಕೇಳಬಹುದು. ಮೇಲ್ನೋಟಕ್ಕೆ ಒಂದೇ. ಆದರೆ ವರ್ಷಕ್ಕೆ ಐದರಂತೆ ಏರಿದರೆ ಎರಡನೆಯ ವರ್ಷವೇ 21,000, ಮೂರನೆಯ ವರ್ಷ 22,050. ಮೊದಲ ಮೂರು ವರ್ಷಗಳಲ್ಲಿಯೇ 7,20,000ದ ಬದಲು 7,56,600 ಕೊಡಬೇಕಾಗುತ್ತದೆ. ಒಂಬತ್ತು ವರ್ಷಗಳಿಗೆ ಲೆಕ್ಕ ಹಾಕಿದರೆ ಒಂದು ಬಗೆಯಲ್ಲಿ ಸುಮಾರು 25 ಲಕ್ಷ, ಇನ್ನೊಂದು ಬಗೆಯಲ್ಲಿ ಸುಮಾರು 26 ಲಕ್ಷ 46 ಸಾವಿರ. ‘ಒಂದೇ’ ಎಂಬ ಆ ಮಾತಿನ ಬೆಲೆ ಒಂದು ಲಕ್ಷ ನಲವತ್ತಾರು ಸಾವಿರ ರೂಪಾಯಿ.

ಏರಿಕೆಯು ಲಾಕ್-ಇನ್ನಿನೊಡನೆ ಹೆಣೆದುಕೊಳ್ಳುವುದು ಇಲ್ಲಿಯೇ. ಮೂರು ವರ್ಷಕ್ಕೊಮ್ಮೆ ಏರುವ ಕರಾರಿನಲ್ಲಿ ಲಾಕ್-ಇನ್ 36ನೆಯ ತಿಂಗಳಿಗೆ ಮುಗಿದು, 37ನೆಯ ತಿಂಗಳು ಏರಿಕೆ ಬರುತ್ತದೆ. ಏರಿದ ಬಾಡಿಗೆ ಭಾರವೆನಿಸಿದರೆ ವ್ಯಾಪಾರಿ ಆಗ ದಂಡವಿಲ್ಲದೆ ಹೊರಟುಹೋಗಬಹುದು. ಮಾಲೀಕನೂ ಅದನ್ನು ಬಲ್ಲವನಾದುದರಿಂದ ಮಾತುಕತೆಗೆ ಒಪ್ಪುತ್ತಾನೆ. ವರ್ಷವರ್ಷವೂ ಏರುವ ಕರಾರಿನಲ್ಲಿ ಬಾಗಿಲು ಮುಚ್ಚಿರುವಾಗಲೇ ಎರಡು ಏರಿಕೆಗಳು ಆಗಿಹೋಗುತ್ತವೆ.

ಇದಕ್ಕಿಂತ ಅಪಾಯಕರವಾದ ಒಂದು ಮಾತು ಕೆಲವು ಪತ್ರಗಳಲ್ಲಿ ಇರುತ್ತದೆ: ‘ಅಥವಾ ಅಂದಿನ ಮಾರುಕಟ್ಟೆಯ ದರದಂತೆ, ಯಾವುದು ಹೆಚ್ಚೋ ಅದು.’ ಮಾರುಕಟ್ಟೆಯ ದರವನ್ನು ನಿರ್ಣಯಿಸುವವರಾರು ಎಂಬುದು ಅಲ್ಲಿ ಬರೆದಿರುವುದಿಲ್ಲ. ಪಕ್ಕದ ಮಳಿಗೆಯೊಂದನ್ನು ಯಾರಾದರೂ ದುಬಾರಿ ಬಾಡಿಗೆಗೆ ಹಿಡಿದರೆ ಅದೇ ದರವೆಂದು ಮಾಲೀಕ ಹೇಳಬಹುದು. ಇಂತಹ ಮಾತು ಕಂಡಲ್ಲಿ ಅದನ್ನು ಹೊಡೆದುಹಾಕಿಸಿ, ನೂರಕ್ಕೆ ಇಷ್ಟು ಎಂಬ ಒಂದೇ ಅಂಕಿಯನ್ನು ನಿಲ್ಲಿಸಬೇಕು.

‘ಬಾಡಿಗೆ ನಿಯಂತ್ರಣ ಕಾನೂನು ಇಲ್ಲವೆ? ಮನಬಂದಂತೆ ಏರಿಸಲು ಆಗುತ್ತದೆಯೆ?’ ಎಂದು ಹಿರಿಯರು ಕೇಳುತ್ತಾರೆ. 1961ರ ಹಳೆಯ ನಿಯಂತ್ರಣ ಕಾಯ್ದೆಯ ನೆನಪು ಅದು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ವಾಣಿಜ್ಯ ಮಳಿಗೆಗಳಲ್ಲಿ 14 ಚದರ ಮೀಟರಿಗಿಂತ ಹೆಚ್ಚಿನ ತಳವಿಸ್ತೀರ್ಣವುಳ್ಳವನ್ನು ಹೊರಗಿಟ್ಟಿದೆ. 14 ಚದರ ಮೀಟರೆಂದರೆ ಸುಮಾರು 150 ಚದರಡಿ, ಹತ್ತು ಅಡಿ ಅಗಲ ಹದಿನೈದು ಅಡಿ ಉದ್ದದ ಒಂದು ಸಣ್ಣ ಅಂಗಡಿ. ಅಷ್ಟು ಸಣ್ಣ ಅಂಗಡಿಗೂ ಬಾಡಿಗೆಯ ಮೊತ್ತದ ಮಿತಿ ಬೇರೆ ಇದೆ. ಮುನ್ನೂರು ಚದರಡಿಯ ಈ ಮಳಿಗೆಗೆ ಆ ಕಾಯ್ದೆಯ ನೆರಳು ಬೀಳುವುದಿಲ್ಲ. ಇಲ್ಲಿ ಬಾಡಿಗೆದಾರನಿಗೆ ಮುಖ್ಯ ರಕ್ಷೆ ಅವನು ರುಜು ಹಾಕುವ ಪತ್ರವೇ.

ಮೂರನೆಯ ಗಂಟು: ಡಿಪಾಸಿಟ್

ಎರಡು ಲಕ್ಷ ಡಿಪಾಸಿಟ್ಟಿಗೆ ಬಡ್ಡಿಯಿಲ್ಲವೆಂದು ಪತ್ರದಲ್ಲಿದೆ. ಇದು ಸಾಮಾನ್ಯವಾದ ಪದ್ಧತಿಯೇ. ಆದರೆ ವ್ಯಾಪಾರಿಯಾದವನು ಅದನ್ನು ಬಾಡಿಗೆಯ ಭಾಗವಾಗಿಯೇ ಎಣಿಸಬೇಕು. ಆ ಹಣವನ್ನು ಅವರು ನೂರಕ್ಕೆ ಹನ್ನೆರಡರ ಬಡ್ಡಿಗೆ ತಂದಿದ್ದರೆ ವರ್ಷಕ್ಕೆ 24,000, ತಿಂಗಳಿಗೆ 2,000. ಆಗ ಮಳಿಗೆಯ ನಿಜವಾದ ಬಾಡಿಗೆ 22,000. ಪಕ್ಕದ ಬೀದಿಯ ಮಳಿಗೆಗೆ 21,000 ಬಾಡಿಗೆ, ಮೂರೇ ತಿಂಗಳ ಡಿಪಾಸಿಟ್ ಎಂದಿದ್ದರೆ ಅಲ್ಲಿ ಬಡ್ಡಿ ತಿಂಗಳಿಗೆ 630 ರೂಪಾಯಿ; ಆದ್ದರಿಂದ ಅದೇ ಅಗ್ಗ.

ಷರತ್ತಿನ ಮುಂದಿನ ಸಾಲು ಹೀಗಿದೆ: ‘ಡಿಪಾಸಿಟ್ಟು ಎಲ್ಲ ಕಾಲದಲ್ಲಿಯೂ ಅಂದಿನ ಹತ್ತು ತಿಂಗಳ ಬಾಡಿಗೆಗೆ ಸಮನಾಗಿರತಕ್ಕದ್ದು.’ ಬಾಡಿಗೆ 23,000 ಆದೊಡನೆ ಡಿಪಾಸಿಟ್ಟಿಗೆ ಇನ್ನೂ 30,000 ಸೇರಿಸಬೇಕು. 26,450 ಆದಾಗ ಮತ್ತೆ 34,500. ಏರಿಕೆಯ ಗಂಟು ಡಿಪಾಸಿಟ್ಟಿನ ಗಂಟನ್ನು ಎಳೆದು ಬಿಗಿಮಾಡುವುದು ಹೀಗೆ. ‘ಎಲ್ಲ ಕಾಲದಲ್ಲಿಯೂ’ ಎಂಬುದನ್ನು ತೆಗೆದು ‘ಎರಡು ಲಕ್ಷ ರೂಪಾಯಿ’ ಎಂಬ ಅಂಕಿಯನ್ನು ನಿಲ್ಲಿಸಿದರೆ ಈ ಗಂಟು ಸಡಿಲವಾಗುತ್ತದೆ.

ಜಗಳ ಹುಟ್ಟುವುದು ಮಾತ್ರ ಹಣ ಮರಳಿ ಪಡೆಯುವಾಗ. ಪತ್ರದಲ್ಲಿ ‘ಹಾನಿಯನ್ನು ಕಳೆದುಕೊಂಡು, ಯುಕ್ತವಾದ ಕಾಲದಲ್ಲಿ ಹಿಂದಿರುಗಿಸತಕ್ಕದ್ದು’ ಎಂದಿದೆ. ಯುಕ್ತವಾದ ಕಾಲ ಯಾವುದು, ಹಾನಿ ಯಾವುದು ಎಂಬುದನ್ನು ಹೇಳಿಲ್ಲ. ಒಂಬತ್ತು ವರ್ಷ ಬಳಸಿದ ಗೋಡೆಯ ಬಣ್ಣ ಮಾಸುವುದು ಹಾನಿಯಲ್ಲ; ಸಹಜವಾದ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟುವಂತಿಲ್ಲವೆಂಬುದು 108ನೆಯ ಕಲಮಿನ ಆಶಯ. ತಾನು ಜೋಡಿಸಿದ ಕಪಾಟುಗಳನ್ನು, ಮಳಿಗೆಯನ್ನು ಮೊದಲಿದ್ದಂತೆ ಬಿಡುವುದಾದರೆ, ತನ್ನ ಸ್ವಾಧೀನವಿರುವಾಗಲೇ ತೆಗೆದುಕೊಂಡು ಹೋಗುವ ಹಕ್ಕನ್ನೂ ಅದೇ ಕಲಮು ಬಾಡಿಗೆದಾರನಿಗೆ ಕೊಡುತ್ತದೆ. ಆದರೆ ಇವೆರಡೂ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ ನಡೆಯುವ ನಿಯಮಗಳು. ‘ಜೋಡಿಸಿದುದೆಲ್ಲ ಲೆಸರನದಾಗತಕ್ಕದ್ದು’ ಎಂದು ಪತ್ರದಲ್ಲಿ ಬರೆದಿದ್ದರೆ ನಾಲ್ಕು ಲಕ್ಷದ ಕಪಾಟುಗಳು ಗೋಡೆಯೊಂದಿಗೇ ಉಳಿಯುತ್ತವೆ.

ಇದಕ್ಕೆ ಪರಿಹಾರ ಸರಳವಾದುದು. ಮಳಿಗೆಯನ್ನು ವಹಿಸಿಕೊಳ್ಳುವ ದಿನವೇ ನೆಲ, ಗೋಡೆ, ಷಟರು, ವಿದ್ಯುತ್ ಮೀಟರು ಇವುಗಳ ಸ್ಥಿತಿಯನ್ನು ಒಂದು ಪಟ್ಟಿಯಲ್ಲಿ ಬರೆದು, ಚಿತ್ರಗಳನ್ನು ತೆಗೆದು, ಇಬ್ಬರೂ ರುಜು ಮಾಡಿ ಕರಾರಿಗೆ ಲಗತ್ತಿಸಬೇಕು. ಬಿಡುವ ದಿನ ಆ ಪಟ್ಟಿಯೊಡನೆ ಹೋಲಿಸಿದರೆ ಹಾನಿ ಯಾವುದೆಂಬುದು ತಾನೇ ತಿಳಿಯುತ್ತದೆ. ಹಣ ಹಿಂದಿರುಗಿಸುವ ಕಾಲವನ್ನು ‘ಕೀಲಿಕೈ ಒಪ್ಪಿಸುವ ಗಳಿಗೆಯಲ್ಲಿಯೇ’ ಎಂದು ಬರೆಯಿಸಬೇಕು. ತಡವಾದರೆ ಇಂತಿಷ್ಟು ಬಡ್ಡಿ ಎಂದೂ ಸೇರಿಸಬೇಕು. ಕಟ್ಟಡವನ್ನು ಮಾಲೀಕ ಬೇರೆಯವರಿಗೆ ಮಾರಿದರೆ ಡಿಪಾಸಿಟ್ಟು ಹಿಂದಿರುಗಿಸುವ ಹೊಣೆ ಕೊಂಡವನಿಗೂ ಸೇರುತ್ತದೆಂಬ ಮಾತನ್ನು ಮರೆಯಬಾರದು. ಹಳೆಯ ಮಾಲೀಕ ‘ಹೊಸಬರನ್ನು ಕೇಳಿ’ ಎಂದೂ ಹೊಸಬ ‘ನನ್ನ ಕೈಗೆ ಬಂದೇ ಇಲ್ಲ’ ಎಂದೂ ಹೇಳುವುದು ಪೇಟೆಯಲ್ಲಿ ಅಪರೂಪವಲ್ಲ. ಹಣವನ್ನು ಚೆಕ್ಕಿನಲ್ಲಿಯೋ ಬ್ಯಾಂಕಿನ ಮೂಲಕವೋ ಕೊಟ್ಟು, ಆ ಸಂಖ್ಯೆಯನ್ನು ಪತ್ರದಲ್ಲಿಯೇ ನಮೂದಿಸಬೇಕು. ಅರ್ಧ ಪತ್ರದಲ್ಲಿ, ಅರ್ಧ ಕೈಯಲ್ಲಿ ಎಂದು ಕೊಟ್ಟರೆ ಕೈಯಲ್ಲಿ ಕೊಟ್ಟ ಅರ್ಧಕ್ಕೆ ಸಾಕ್ಷಿ ದೇವರೊಬ್ಬನೇ.

ಗಂಟು ಕಟ್ಟಿದ ಹಗ್ಗ: ನೋಂದಣಿ

ಮೂರೂ ಷರತ್ತುಗಳನ್ನು ತಿದ್ದಿಸಿದ ಮೇಲೆ ಮಾಲೀಕ ಒಂದು ಸಲಹೆ ಕೊಟ್ಟನೆನ್ನಿ: ‘ಒಂಬತ್ತು ವರ್ಷಕ್ಕೆ ನೋಂದಣಿ ಮಾಡಿಸಿದರೆ ಸುಮ್ಮನೆ ಖರ್ಚು. ಸ್ಟಾಂಪು ಕಾಗದದ ಮೇಲೆ ಬರೆದುಕೊಳ್ಳೋಣ, ನಂಬಿಕೆ ಇದ್ದರೆ ಸಾಕು.’ ಇಲ್ಲಿ ಒಪ್ಪಿದರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥವಾಗುವುದು.

ಒಂದು ವರ್ಷಕ್ಕೆ ಮೀರಿದ ಲೀಸು ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 107ನೆಯ ಕಲಮು ವಿಧಿಸುತ್ತದೆ. ಕೇರಳದಿಂದ ಸುಪ್ರೀಂ ಕೋರ್ಟಿಗೆ ಹೋದ ಆಂಟನಿ ಎಂಬವರ ಪ್ರಕರಣದಲ್ಲಿ ಐದು ವರ್ಷದ ಲೀಸು ಪತ್ರವಿತ್ತು, ನೋಂದಣಿಯಿರಲಿಲ್ಲ. 2000ದಲ್ಲಿ ನ್ಯಾಯಾಲಯ ಹೇಳಿತು: ಐದು ವರ್ಷದ ಲೀಸು ಹುಟ್ಟಿಯೇ ಇಲ್ಲ, ಆದರೆ ಮಳಿಗೆ ಒಪ್ಪಿಸಿ ಬಾಡಿಗೆ ಪಡೆದುದರಿಂದ ಅವರ ನಡುವೆ ತಿಂಗಳಿನಿಂದ ತಿಂಗಳಿಗೆ ಸಾಗುವ ಬಾಡಿಗೆಯ ಸಂಬಂಧವಿದೆ. ತಿಂಗಳ ಬಾಡಿಗೆಯ ಸಂಬಂಧವನ್ನು 106ನೆಯ ಕಲಮಿನಂತೆ ಹದಿನೈದು ದಿನಗಳ ನೋಟೀಸಿನಿಂದ ಕೊನೆಗಾಣಿಸಬಹುದು.

ಇದರ ಫಲವನ್ನು ಹರಿಹರದ ಮಳಿಗೆಗೆ ಅನ್ವಯಿಸಿದರೆ, ಮಾಲೀಕನನ್ನು ಒಂಬತ್ತು ವರ್ಷ ಕಟ್ಟಿಹಾಕುತ್ತದೆಂದು ಬರೆಯಿಸಿಕೊಂಡ ವಾಕ್ಯಕ್ಕೆ ಆಧಾರವಿಲ್ಲ. ಮಾಲೀಕ ಹದಿನೈದು ದಿನದ ನೋಟೀಸು ಕೊಟ್ಟು ದಾವೆ ಹೂಡಬಹುದು. ವ್ಯಾಪಾರಿಯನ್ನು ಕಟ್ಟಿಹಾಕಿದ 36 ತಿಂಗಳ ಲಾಕ್-ಇನ್ನಿಗೂ ಅದೇ ಗತಿ. ಆದರೆ ಎರಡು ಲಕ್ಷ ಮಾಲೀಕನ ಕೈಯಲ್ಲಿರುವುದರಿಂದ, ಇಬ್ಬರ ಬೀಗಗಳೂ ಸಡಿಲವಾದಾಗ ಹೆಚ್ಚು ಕಳೆದುಕೊಳ್ಳುವವನು ವ್ಯಾಪಾರಿಯೇ. ಪದೇ ಪದೇ ಹನ್ನೊಂದು ತಿಂಗಳಿಗೆ ಬರೆದುಕೊಳ್ಳುವ ಪದ್ಧತಿಯಲ್ಲಿಯೂ ಇದೇ ಕೊರತೆ. ಹನ್ನೊಂದು ತಿಂಗಳ ಪತ್ರದೊಳಗೆ 36 ತಿಂಗಳ ಲಾಕ್-ಇನ್ ಕಂಡರೆ, ಅದನ್ನು ಬರೆದವರು ಬೇರೊಂದು ಪತ್ರದಿಂದ ನಕಲು ಮಾಡಿದ್ದಾರೆಂದೇ ತಿಳಿಯಬಹುದು.

ಸ್ಟಾಂಪು ಸುಂಕವನ್ನು ಕಡಮೆ ಕೊಟ್ಟ ಪತ್ರಕ್ಕೂ ಅಪಾಯವುಂಟು. 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ 34ನೆಯ ಕಲಮಿನಂತೆ, ಕೊರತೆಯ ಸುಂಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದ ಹೊರತು ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸದು. ಕರ್ನಾಟಕದ ಒಂದು ಪ್ರಕರಣದಲ್ಲಿ ಈ ದಂಡವನ್ನು ಹೈಕೋರ್ಟು ಎರಡು ಪಟ್ಟಿಗೆ ಇಳಿಸಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನೂರು ರೂಪಾಯಿ ಉಳಿಸಿದವನು ಡಿಪಾಸಿಟ್ಟಿಗಾಗಿ ದಾವೆ ಹೂಡಿದ ದಿನ ಸಾವಿರದ ನೂರು ಕಟ್ಟಬೇಕಾಗುತ್ತದೆ.

“ಹಂಗಾದ್ರೆ ನೋಂದಣಿ ಖರ್ಚು ಯಾರು ಕೊಡಬೇಕ್ರೀ?”

“ಅರ್ಧರ್ಧ ಅಂತ ಕೇಳ್ರಿ. ಒಪ್ಪಲಿಲ್ಲಾಂದ್ರೆ ಪೂರಾ ನೀವೇ ಕೊಡ್ರಿ. ನಾಲ್ಕು ಲಕ್ಷದ ಕಪಾಟಿಗೆ ಹಾಕಿಸೋ ಬೀಗ ಅಂತ ತಿಳ್ಕೊಳ್ರಿ.”

ತಿದ್ದುಪಡಿಗಳಿಂದ ಆದ ಲಾಭವೇನೆಂಬುದನ್ನು ಅದೇ ಇಪ್ಪತ್ತನೆಯ ತಿಂಗಳ ಲೆಕ್ಕದಲ್ಲಿ ನೋಡಬಹುದು. ಮೊದಲ ಪತ್ರದಂತೆ ಬಾಗಿಲು ಹಾಕಿದ ವ್ಯಾಪಾರಿ ಎರಡು ಲಕ್ಷವನ್ನು ಕಳೆದುಕೊಂಡು, ಮತ್ತೆ 3,20,000ಕ್ಕೆ ನೋಟೀಸು ಪಡೆಯುತ್ತಿದ್ದರು. ಕಪಾಟುಗಳೂ ಹೋಗುವ ಸಂಭವವಿತ್ತು. ತಿದ್ದಿದ ಪತ್ರದಂತೆ ಹೆಚ್ಚೆಂದರೆ 60,000 ಕಳೆದು, 1,40,000 ರೂಪಾಯಿ ಕೀಲಿಕೈ ಒಪ್ಪಿಸುವಾಗಲೇ ಕೈಗೆ ಬರುತ್ತದೆ. ಕಪಾಟುಗಳನ್ನು ಲಾರಿಯಲ್ಲಿ ಹಾಕಿಕೊಂಡು ದಾವಣಗೆರೆಗೆ ಮರಳಬಹುದು. ಮಾಲೀಕನಿಗೂ ಅನ್ಯಾಯವಾಗಿಲ್ಲ: ಮಳಿಗೆಗೆ ಮತ್ತೊಬ್ಬರನ್ನು ಹುಡುಕಲು ಮೂರು ತಿಂಗಳವರೆಗಿನ ಬಾಡಿಗೆ ಅವನಿಗೆ ದೊರೆತಿದೆ.

ಎಲ್ಲ ಮಾಲೀಕರೂ ಎಲ್ಲ ತಿದ್ದುಪಡಿಗಳಿಗೂ ಒಪ್ಪಲಾರರು. ಬೇಡಿಕೆಯಿರುವ ಬೀದಿಯಲ್ಲಿ ಬಾಡಿಗೆದಾರನ ಮಾತು ನಡೆಯುವುದು ಕಡಮೆ. ಎಲ್ಲವನ್ನೂ ಪಡೆಯಲಾಗದಿದ್ದರೆ ಕ್ರಮ ಹೀಗಿರಲಿ: ಮೊದಲು ನೋಂದಣಿ, ಬಳಿಕ ಮಾಲೀಕನಿಗೂ ಲಾಕ್-ಇನ್, ಬಳಿಕ ದಂಡದ ಮಿತಿ ಮತ್ತು ಡಿಪಾಸಿಟ್ಟಿನ ಅಂಕಿ. ಏರಿಕೆಯಲ್ಲಿ ನೂರಕ್ಕೆ ಒಂದೆರಡು ಹೆಚ್ಚು ಕೊಟ್ಟಾದರೂ ಮೊದಲನೆಯ ಎರಡನ್ನು ಕೊಂಡುಕೊಳ್ಳುವುದು ಲಾಭ. ಏರಿದ ಬಾಡಿಗೆ ಎಷ್ಟೆಂಬುದು ಮೊದಲೇ ತಿಳಿದಿರುತ್ತದೆ, ಬಿಡಿಸುವ ನೋಟೀಸು ಯಾವಾಗ ಬರುವುದೆಂಬುದು ತಿಳಿದಿರುವುದಿಲ್ಲ. ಇವೆರಡಕ್ಕೂ ಮಾಲೀಕ ಒಪ್ಪದಿದ್ದರೆ ಕಪಾಟಿಗೆ ನಾಲ್ಕು ಲಕ್ಷ ಹಾಕದೆ, ಕಳಚಿ ಒಯ್ಯಬಹುದಾದ ಅಗ್ಗದ ಸಾಮಾನಿನಿಂದ ವ್ಯಾಪಾರ ಆರಂಭಿಸುವುದು ಲೇಸು.